ತಪ್ಪಿಹೋದ ಅಧ್ಯಾಯಕ್ಕೆ ಟಿಪ್ಪಣಿ: ಗೆಳತಿಯ ರೆಕಾರ್ಡಿಂಗ್‌ನಿಂದ ಬರೆದುಕೊಳ್ಳುವ ಕ್ರಮ

ನನ್ನ ಅಣ್ಣನ ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದಾಗ ಟೈಫಾಯ್ಡ್ ಬಂದು ಮೂರು ವಾರ ಹಾಸಿಗೆ ಹಿಡಿದಳು. ಅಷ್ಟರಲ್ಲಿ ಲೆಕ್ಕಶಾಸ್ತ್ರದ 'ಪಾಲುದಾರನ ಸೇರ್ಪಡೆ' ಅಧ್ಯಾಯ ಆರಂಭವಾಗಿ ಮುಗಿದೇ ಹೋಗಿತ್ತು. ಸಂಜೆಯ ಟ್ಯೂಷನ್ ಆನ್‌ಲೈನ್‌ನಲ್ಲಿ ನಡೆಯುತ್ತಿದ್ದುದರಿಂದ ಅವಳ ಗೆಳತಿ ಒಂಬತ್ತು ತರಗತಿಗಳನ್ನೂ ರೆಕಾರ್ಡ್ ಮಾಡಿಟ್ಟಿದ್ದಳು. ತಂಗಿಯ ಮೇಲಿನ ಅಕ್ಕರೆಯಿಂದ ಅವಳ ಅಣ್ಣ ಎರಡು ರಾತ್ರಿ ನಿದ್ದೆಗೆಟ್ಟು, ಕೇಳಿಸಿದ್ದನ್ನೆಲ್ಲ 62 ಪುಟಗಳಲ್ಲಿ ಬರೆದುಕೊಟ್ಟ. ಅವಳು ಅದನ್ನು ಎರಡು ಬಾರಿ ಓದಿದಳು. ಆಮೇಲೆ ನಾನು ಕೊಟ್ಟ ಮೊದಲ ಲೆಕ್ಕದಲ್ಲಿಯೇ ಹೊಸ ಪಾಲುದಾರ ಸಂಸ್ಥೆಯ ಒಳ್ಳೆಯ ಹೆಸರಿಗೆಂದು ತರುವ ಗುಡ್‌ವಿಲ್ ಹಣವನ್ನು ತಪ್ಪಾಗಿ ಹಂಚಿ, "ಅತ್ತೆ, ಟಿಪ್ಪಣಿಯಲ್ಲಿ ಹೀಗೇ ಇದೆಯಲ್ಲ" ಎಂದು ಪುಟ ತೆರೆದು ತೋರಿಸಿದಳು. ಟಿಪ್ಪಣಿಯಲ್ಲಿ ನಿಜಕ್ಕೂ ಹಾಗೇ ಇತ್ತು.

ಲೆಕ್ಕಶಾಸ್ತ್ರ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಇಂಥ ಟಿಪ್ಪಣಿಗಳನ್ನು ಬಹಳ ನೋಡಿದ್ದೇನೆ. ರೆಕಾರ್ಡಿಂಗ್‌ನಿಂದ ಬರೆಯುವವರು ಮೇಷ್ಟರ ಮಾತನ್ನು ಬರೆದುಕೊಳ್ಳುತ್ತಾರೆ. ಮೇಷ್ಟರು ಯಾವ ಸಂದರ್ಭಕ್ಕೆ ಯಾವ ದಾರಿ ಹಿಡಿದರು, ಏಕೆ ಹಿಡಿದರು ಎಂಬುದನ್ನು ಬಿಟ್ಟುಬಿಡುತ್ತಾರೆ. ಆ ಅಧ್ಯಾಯವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ನಾವು ಎರಡನೆಯ ಸಲ ಟಿಪ್ಪಣಿ ಮಾಡಿದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹಂತ: ಕಡತಗಳನ್ನು ಕೂಡಿಸುವುದು

ರೆಕಾರ್ಡಿಂಗ್ ಬಳಸುವ ಮುನ್ನ ಪಾಠ ಮಾಡಿದವರಿಗೆ ಒಂದು ಮಾತು ಹೇಳಿ ಅನುಮತಿ ಪಡೆಯಬೇಕು, ಮತ್ತು ಅದನ್ನು ಯಾವ ಗುಂಪಿಗೂ ಹಾಕಬಾರದು. ಅದರಲ್ಲಿ ಬೇರೆ ಮಕ್ಕಳ ಧ್ವನಿಯೂ ಇರುತ್ತದೆ.

ಗೆಳತಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ವಿಡಿಯೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಲು ಹೇಳಿ. ವಿಡಿಯೊ ಎಂದು ಕಳುಹಿಸಿದಾಗ ಆ್ಯಪ್ ಅದನ್ನು ಕುಗ್ಗಿಸುತ್ತದೆ. ಮುಖ ಸ್ಪಷ್ಟವಾಗಿಯೇ ಕಾಣುತ್ತದೆ, ಬೋರ್ಡಿನ ಮೇಲಿನ ಸಣ್ಣ ಅಂಕಿಗಳು ಮಾತ್ರ ಕಲಸಿಹೋಗುತ್ತವೆ. ನಮಗೆ ಮೊದಲು ಬಂದ ಪ್ರತಿಯಲ್ಲಿ 3/20 ಎಂಬುದು 8/20 ಎಂದು ಕಾಣುತ್ತಿತ್ತು. ಭಿನ್ನರಾಶಿಗಳೇ ತುಂಬಿರುವ ಅಧ್ಯಾಯದಲ್ಲಿ ಇದು ಚಿಕ್ಕ ತೊಂದರೆಯಲ್ಲ.

ಪ್ರತಿಯೊಂದು ಕಡತವನ್ನೂ ತೆರೆದು ಆರಂಭ, ನಡು, ಕೊನೆ ಮೂರೂ ಕಡೆ ಅರ್ಧ ನಿಮಿಷ ಕೇಳಿ ನೋಡಬೇಕು. ಆನ್‌ಲೈನ್ ತರಗತಿಯ ಆ್ಯಪ್‌ಗಳ ಧ್ವನಿಯನ್ನು ಫೋನಿನೊಳಗಿನ ಸ್ಕ್ರೀನ್ ರೆಕಾರ್ಡರ್ ಅನೇಕ ವೇಳೆ ಹಿಡಿಯುವುದಿಲ್ಲ; ಚಿತ್ರ ಇರುತ್ತದೆ, ಮಾತು ಇರುವುದಿಲ್ಲ. ನಮ್ಮ ಒಂಬತ್ತು ಕಡತಗಳಲ್ಲಿ ನಾಲ್ಕನೆಯದು ಹೀಗೆ ಮೂಕವಾಗಿತ್ತು. ಅದು ಮೊದಲ ದಿನವೇ ತಿಳಿದದ್ದರಿಂದ ಆ ಒಂದು ತರಗತಿಗೆ ಗೆಳತಿಯ ನೋಟ್‌ಬುಕ್ಕನ್ನು ತರಿಸಿಕೊಂಡೆವು. ಉಚಿತ ರೆಕಾರ್ಡರ್ ಆ್ಯಪ್‌ಗಳ ವಿಷಯ ಹೇಳುವುದೇ ಬೇಡ. ಪರದೆಯ ಮೂಲೆಯಲ್ಲಿ ತಮ್ಮ ಹೆಸರಿನ ಮುದ್ರೆ ಒತ್ತಿ, ಸರಿಯಾಗಿ ಅದರ ಕೆಳಗೇ ಇರುವ ಮೊತ್ತವನ್ನು ಮುಚ್ಚಿಬಿಡುತ್ತವೆ.

ಕಡತಗಳಿಗೆ ದಿನಾಂಕದ ಕ್ರಮದಲ್ಲಿ 1ರಿಂದ 9ರವರೆಗೆ ಹೆಸರಿಟ್ಟರೆ ಈ ಹಂತ ಮುಗಿಯಿತು.

ಎರಡನೆಯ ಹಂತ: ಬರೆಯದೆ ಒಮ್ಮೆ ಕೇಳುವುದು

ಮೊದಲ ಸುತ್ತಿನಲ್ಲಿ ಟಿಪ್ಪಣಿ ಬರೆಯಬಾರದು. ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತ, ಒಂದೇ ಹಾಳೆಯ ಮೇಲೆ ಸಮಯವನ್ನೂ ನಾಲ್ಕು ಗುರುತುಗಳನ್ನೂ ಹಾಕುತ್ತ ಹೋದರೆ ಸಾಕು. ಹೊಸ ಲೆಕ್ಕ ಆರಂಭವಾದಲ್ಲಿ 'ಲೆ', ಯಾರಾದರೂ ಪ್ರಶ್ನೆ ಕೇಳಿದಲ್ಲಿ 'ಪ್ರ', ಮೇಷ್ಟರು ತಮ್ಮ ಮಾತನ್ನು ತಿದ್ದಿಕೊಂಡಲ್ಲಿ 'ತಿ', 'ನಿನ್ನೆ ನೋಡಿದ ಹಾಗೆ' ಎಂದು ಹಿಂದಿನ ತರಗತಿಯನ್ನು ನೆನೆದಲ್ಲಿ 'ಹಿಂ'. ಐವತ್ತು ನಿಮಿಷದ ಒಂಬತ್ತು ತರಗತಿಗಳಿಗೆ ಈ ವೇಗದಲ್ಲಿ ಐದು ಗಂಟೆ ಬೇಕು. ಹಾಜರಿ ಕೂಗುವ ಹೊತ್ತು, 'ಕೇಳಿಸ್ತಾ ಇದೆಯಾ' ಎನ್ನುವ ಹೊತ್ತು ಕಳೆದರೆ ಇನ್ನೂ ಕಡಿಮೆ. ಜ್ವರದಿಂದ ಆಗತಾನೇ ಎದ್ದವರು ದಿನಕ್ಕೆ ಎರಡು ತರಗತಿಗಿಂತ ಹೆಚ್ಚು ಕೇಳಬಾರದು. ಕಣ್ಣು ಪರದೆಯ ಮೇಲಿದ್ದರೂ ತಲೆಗೆ ಏನೂ ಇಳಿಯುವುದಿಲ್ಲ.

ಎರಡು ಪಟ್ಟು ವೇಗ ಇಟ್ಟು ಗಂಟೆ ಉಳಿಸುತ್ತೇನೆ ಎನ್ನುವವರಿದ್ದಾರೆ. ಕಥೆ ಕೇಳುವುದಕ್ಕೆ ಅದು ಆಗಬಹುದು, ಲೆಕ್ಕಕ್ಕೆ ಆಗದು. ಹಾಗೆಯೇ ಈ ಸುತ್ತಿನಲ್ಲಿ ಬೋರ್ಡಿನ ಚಿತ್ರಗಳನ್ನು ತೆಗೆದು ಗ್ಯಾಲರಿಯಲ್ಲಿ ತುಂಬಿಸಿಕೊಳ್ಳುವ ಅಭ್ಯಾಸವನ್ನೂ ನಾನು ಒಪ್ಪುವುದಿಲ್ಲ. ತೆಗೆದವರು ಅವನ್ನು ಮತ್ತೆ ತೆರೆದು ನೋಡಿದ್ದನ್ನು ನಾನು ಕಂಡಿಲ್ಲ.

ಈ ಹಾಳೆಯ ಪ್ರಯೋಜನ ಅದು ತುಂಬಿದ ಮೇಲೆ ತಿಳಿಯುತ್ತದೆ. ನಮ್ಮ ಹಾಳೆಯಲ್ಲಿ ಮೂರನೆಯ ಮತ್ತು ಐದನೆಯ ತರಗತಿಗಳ ಎದುರು 'ಪ್ರ' ಮತ್ತು 'ತಿ' ಒತ್ತೊತ್ತಾಗಿ ಬಿದ್ದಿದ್ದವು. ಮಕ್ಕಳು ಎಲ್ಲಿ ಮತ್ತೆ ಮತ್ತೆ ಕೇಳಿದ್ದಾರೋ ಅಧ್ಯಾಯದ ಗಂಟು ಅಲ್ಲಿಯೇ ಇರುತ್ತದೆ. ಟಿಪ್ಪಣಿಯ ಅರ್ಧ ಪುಟಗಳು ಆ ಎರಡು ತರಗತಿಗಳಿಗೇ ಹೋಗುವುದು ನ್ಯಾಯ.

ಮೂರನೆಯ ಹಂತ: ನಿಲ್ಲಿಸಿ ಬರೆಯುವುದು

ಎಲ್ಲರೂ ಕೆಡಿಸುವುದು ಇದನ್ನೇ. ಆದ್ದರಿಂದ ಇದನ್ನು ಸಾವಧಾನವಾಗಿ ಹೇಳುತ್ತೇನೆ.

ಕಂಪ್ಯೂಟರ್ ಇದ್ದರೆ ವಿಎಲ್‌ಸಿ ಪ್ಲೇಯರ್ ಬಳಸಿ. ಅದರಲ್ಲಿ `Shift+←` ಒತ್ತಿದರೆ ಮೂರು ಸೆಕೆಂಡು ಹಿಂದಕ್ಕೂ `Alt+←` ಒತ್ತಿದರೆ ಹತ್ತು ಸೆಕೆಂಡು ಹಿಂದಕ್ಕೂ ಹೋಗಬಹುದು; `Ctrl+T` ಒತ್ತಿ ಹಾಳೆಯಲ್ಲಿ ಗುರುತಿಸಿದ ನಿಮಿಷಕ್ಕೆ ನೇರವಾಗಿ ಜಿಗಿಯಬಹುದು. ಬರೆಯುವುದಕ್ಕೆ ಗೆರೆಯಿರುವ ಉದ್ದ ಪುಸ್ತಕವನ್ನೂ ಪೆನ್ಸಿಲ್ಲನ್ನೂ ಇಟ್ಟುಕೊಳ್ಳಬೇಕು. ಲೆಕ್ಕಶಾಸ್ತ್ರದ ಟಿಪ್ಪಣಿಯನ್ನು ಫೋನಿನಲ್ಲಿ ಟೈಪ್ ಮಾಡಬಾರದು; ಖರ್ಚು, ಜಮಾ ಎಂದು ಎರಡು ಬದಿ ಎಳೆದು ಬರೆಯುವ ಕೈಯಭ್ಯಾಸವೇ ಈ ವಿಷಯದ ಅರ್ಧ ಕಲಿಕೆ.

ಈಗ ನಿಯಮ ಒಂದೇ. 'ಲೆ' ಗುರುತು ಬಂದ ಕೂಡಲೇ ಪ್ರಶ್ನೆಯನ್ನಷ್ಟೇ ಬರೆದುಕೊಂಡು ವಿಡಿಯೊ ನಿಲ್ಲಿಸಿ, ಗೊತ್ತಿದ್ದಷ್ಟರಲ್ಲಿ ತಾನೇ ಬಿಡಿಸಲು ನೋಡಬೇಕು. ಐದು ನಿಮಿಷವಾದರೂ ಪ್ರಯತ್ನಿಸಿ ಸಿಕ್ಕಿಕೊಂಡ ಜಾಗದಲ್ಲಿ ಒಂದು ಅಡ್ಡಗೆರೆ ಎಳೆಯಬೇಕು. ಅನಂತರ ವಿಡಿಯೊ ಬಿಟ್ಟು, ಮೇಷ್ಟರು ಆ ಜಾಗವನ್ನು ಹೇಗೆ ದಾಟಿದರು ಎಂಬುದನ್ನು ಮಾತ್ರ ಗೆರೆಯ ಕೆಳಗೆ ಬರೆಯಬೇಕು. ತನಗೆ ತಾನೇ ಬಂದ ಭಾಗಕ್ಕೆ ಟಿಪ್ಪಣಿ ಬೇಡ. ಅಣ್ಣ ಬರೆದ 62 ಪುಟಗಳಲ್ಲಿ ಬಹುಪಾಲು, ತಂಗಿಗೆ ಹಿಂದಿನ ಅಧ್ಯಾಯದಿಂದಲೇ ಗೊತ್ತಿದ್ದ ಸಂಗತಿ.

ನಮ್ಮ ಮೊದಲ ತಪ್ಪಿನ ಮೂಲ ಸಿಕ್ಕಿದ್ದು ಹೀಗೆ ನಿಲ್ಲಿಸಿ ನಿಲ್ಲಿಸಿ ನೋಡಿದಾಗ. ಎರಡನೆಯ ತರಗತಿಯ ಲೆಕ್ಕ ಇದು: ಎ ಮತ್ತು ಬಿ ಲಾಭವನ್ನು 3:2ರಲ್ಲಿ ಹಂಚಿಕೊಳ್ಳುವ ಪಾಲುದಾರರು. ಸಿ ಎಂಬವನು 1/5 ಪಾಲಿಗೆ ಸೇರುತ್ತಾನೆ. ಆ 1/5ರಲ್ಲಿ ಯಾರು ಎಷ್ಟು ಬಿಟ್ಟುಕೊಟ್ಟರು ಎಂದು ಪ್ರಶ್ನೆಯಲ್ಲಿ ಹೇಳಿಲ್ಲ. ಹೇಳದೆ ಇದ್ದಾಗ ಉಳಿದ 4/5 ಪಾಲನ್ನು ಹಳಬರು ಹಳೆಯ ಅನುಪಾತದಲ್ಲಿಯೇ ಹಂಚಿಕೊಳ್ಳುತ್ತಾರೆ ಎಂದು ತಿಳಿಯಬೇಕು. ಎಗೆ 12/25, ಬಿಗೆ 8/25, ಸಿಗೆ 5/25 ಬರುತ್ತದೆ. ಹಳೆಯ ಪಾಲಿನಲ್ಲಿ ಹೊಸ ಪಾಲನ್ನು ಕಳೆದರೆ ಎ ತ್ಯಾಗ ಮಾಡಿದ್ದು 3/25, ಬಿ ತ್ಯಾಗ ಮಾಡಿದ್ದು 2/25. ಅಂದರೆ ತ್ಯಾಗದ ಅನುಪಾತವೂ 3:2. ಇದನ್ನು ತೋರಿಸಿ ಮೇಷ್ಟರು, "ಇಲ್ಲಿ ಲೆಕ್ಕ ಮಾಡುವ ಅಗತ್ಯವೇ ಇಲ್ಲ, ಹಳೆಯ ಅನುಪಾತವೇ ತ್ಯಾಗದ ಅನುಪಾತ" ಎಂದಿದ್ದರು.

ಅಣ್ಣನ ಟಿಪ್ಪಣಿಯಲ್ಲಿ ಇದ್ದದ್ದು 'ಲೆಕ್ಕ ಮಾಡುವ ಅಗತ್ಯವಿಲ್ಲ, ಹಳೆಯ ಅನುಪಾತವೇ ತ್ಯಾಗದ ಅನುಪಾತ' ಎಂದು, ಅದೂ ಕೆಂಪು ಶಾಯಿಯಲ್ಲಿ, ಚೌಕದೊಳಗೆ. 'ಇಲ್ಲಿ' ಎಂಬ ಒಂದು ಪದ ಬಿದ್ದುಹೋಗಿತ್ತು. ಒಂದು ಲೆಕ್ಕಕ್ಕೆ ಹೇಳಿದ ಮಾತು ಇಡೀ ಅಧ್ಯಾಯದ ನಿಯಮವಾಗಿಬಿಟ್ಟಿತ್ತು.

ಮರುದಿನದ, ಅಂದರೆ ಮೂರನೆಯ ತರಗತಿಯಲ್ಲಿ ಅದೇ ಎ, ಬಿ, ಸಿ. ಈ ಸಲ ಸಿ ತನ್ನ ಪಾಲಿನಲ್ಲಿ 3/20ನ್ನು ಎಯಿಂದಲೂ 1/20ನ್ನು ಬಿಯಿಂದಲೂ ಪಡೆಯುತ್ತಾನೆ. ಅವನ ಪಾಲು ಈಗಲೂ 4/20, ಎಂದರೆ ಅದೇ 1/5. ಆದರೆ ಎಯ ಹೊಸ ಪಾಲು 12/20ರಲ್ಲಿ 3/20 ಕಳೆದು 9/20, ಬಿಯದು 8/20ರಲ್ಲಿ 1/20 ಕಳೆದು 7/20. ಹೊಸ ಅನುಪಾತ 9:7:4, ತ್ಯಾಗದ ಅನುಪಾತ 3:1. ಸಿ ಗುಡ್‌ವಿಲ್ ಪ್ರೀಮಿಯಂ ಎಂದು 20,000 ರೂಪಾಯಿ ತಂದರೆ ಎಗೆ 15,000, ಬಿಗೆ 5,000 ಹೋಗಬೇಕು. ಚೌಕದೊಳಗಿನ ನಿಯಮವನ್ನು ನಂಬಿ ಹುಡುಗಿ 12,000 ಮತ್ತು 8,000 ಎಂದು ಹಂಚಿದ್ದಳು. ಬಿ ಬಿಟ್ಟುಕೊಟ್ಟದ್ದು ಇಪ್ಪತ್ತರಲ್ಲಿ ಒಂದು ಪಾಲು, ಅವನಿಗೆ ಸಂದದ್ದು ಅದಕ್ಕೆ ಸಲ್ಲಬೇಕಾದುದಕ್ಕಿಂತ 3,000 ಹೆಚ್ಚು.

ಆದ್ದರಿಂದ ಟಿಪ್ಪಣಿಯಲ್ಲಿ ಬರೆಯುವ ಪ್ರತಿಯೊಂದು ನಿಯಮದ ಮುಂದೆ ಅದು ಯಾವಾಗ ಎಂಬ ಷರತ್ತು ಇರಲೇಬೇಕು. ಮೇಷ್ಟರು 'ಇಲ್ಲಿ', 'ಈ ಲೆಕ್ಕದಲ್ಲಿ', 'ಹೀಗೆ ಕೊಟ್ಟಾಗ' ಎಂದ ಕಡೆಯೆಲ್ಲ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ಹೇಗೆ ಕೊಟ್ಟಿದ್ದರು ಎಂಬುದನ್ನು ನೋಡಿ ಬರೆಯಬೇಕು. ಎರಡನೆಯ ಸಲ ನಮ್ಮ ಪುಟದಲ್ಲಿ ಬಂದ ಸಾಲು ಹೀಗಿತ್ತು: 'ಸಿಯ ಪಾಲು ಮಾತ್ರ ಕೊಟ್ಟು, ಯಾರಿಂದ ಎಷ್ಟು ಎಂದು ಹೇಳದಿದ್ದರೆ ತ್ಯಾಗ = ಹಳೆಯ ಅನುಪಾತ. ಯಾರಿಂದ ಎಷ್ಟು ಎಂದು ಹೇಳಿದ್ದರೆ ಆ ಅಂಕಿಗಳೇ ತ್ಯಾಗ. ಹೊಸ ಅನುಪಾತ ಕೊಟ್ಟಿದ್ದರೆ ಹಳೆಯದರಲ್ಲಿ ಹೊಸದನ್ನು ಕಳೆ. (2ನೇ ತರಗತಿ 21 ನಿ., 3ನೇ ತರಗತಿ 8 ನಿ.)' ಕೊನೆಯಲ್ಲಿ ಸಮಯ ಬರೆಯುವುದನ್ನು ಮರೆಯಬೇಡಿ. ಸಂಶಯ ಬಂದಾಗ ಏಳೂವರೆ ಗಂಟೆಯ ರೆಕಾರ್ಡಿಂಗ್ ತಡಕಾಡದೆ ಅರ್ಧ ನಿಮಿಷದಲ್ಲಿ ಮೂಲಕ್ಕೆ ಹೋಗಲು ಅದೊಂದೇ ದಾರಿ.

ತಿದ್ದುಪಡಿಗಳ ವಿಷಯ

ತರಗತಿಯಲ್ಲಿ ಕುಳಿತವರಿಗೆ ಗೊತ್ತಾಗುವ, ರೆಕಾರ್ಡಿಂಗ್ ನೋಡುವವರಿಗೆ ತಪ್ಪಿಹೋಗುವ ಇನ್ನೊಂದು ಸಂಗತಿ ಬಾಯಿಮಾತಿನ ತಿದ್ದುಪಡಿ. ಐದನೆಯ ತರಗತಿಯಲ್ಲಿ ಆಸ್ತಿ ಮತ್ತು ಜವಾಬ್ದಾರಿಗಳ ಮರುಮೌಲ್ಯಮಾಪನ ಮಾಡಿ 10,000 ರೂಪಾಯಿ ಲಾಭ ಬಂದಿತ್ತು. ಹಿಂದಿನ ಲೆಕ್ಕದ ಗುಂಗಿನಲ್ಲಿದ್ದ ಮೇಷ್ಟರು ಅದನ್ನೂ 3:1ರಲ್ಲಿ ಹಂಚಿ 7,500 ಮತ್ತು 2,500 ಎಂದು ಬೋರ್ಡಿನ ಮೇಲೆ ಬರೆದರು. ಆರು ನಿಮಿಷದ ನಂತರ ಹುಡುಗನೊಬ್ಬ, "ಸರ್, ಇದಕ್ಕೂ ತ್ಯಾಗದ ಅನುಪಾತವೇ ಬರುತ್ತಾ?" ಎಂದು ಕೇಳಿದ. "ಅಯ್ಯೋ, ಇಲ್ಲಪ್ಪ, ಹಳೆಯ ಅನುಪಾತ, ಆರು ಸಾವಿರ, ನಾಲ್ಕು ಸಾವಿರ ಮಾಡಿಕೊಳ್ಳಿ" ಎಂದು ಹೇಳಿ ಅವರು ಮುಂದಿನ ನಮೂದಿಗೆ ಹೋದರು. ಬೋರ್ಡಿನ ಮೇಲೆ ತಪ್ಪು ಅಂಕಿಗಳು ತರಗತಿ ಮುಗಿಯುವವರೆಗೂ ಹಾಗೆಯೇ ಇದ್ದವು.

ಬೋರ್ಡಿನ ಚಿತ್ರ ತೆಗೆದುಕೊಂಡವರಿಗೆಲ್ಲ ಸಿಕ್ಕಿದ್ದು ಆ ತಪ್ಪೇ. ಇದರಿಂದ ತಪ್ಪಿಸಿಕೊಳ್ಳಲು, ಒಂದು ಲೆಕ್ಕವನ್ನು ಶಾಯಿಯಲ್ಲಿ ಬರೆಯುವ ಮುನ್ನ ಮುಂದಿನ ಲೆಕ್ಕ ಆರಂಭವಾಗುವ ತನಕ ಕೇಳಬೇಕು. ಮೊದಲ ಸುತ್ತಿನ ಹಾಳೆಯಲ್ಲಿ ಆ ನಡುವೆ 'ತಿ' ಇದ್ದರೆ ಆ ಭಾಗವನ್ನು ಮಾಮೂಲು ವೇಗದಲ್ಲಿ ಮತ್ತೆ ಕೇಳಬೇಕು. ಪೆನ್ಸಿಲ್ ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೇ.

ಅಂಕಿ ತಿದ್ದಿದರೆ ಸಾಲದು, ಅದು ಏಕೆ ಬದಲಾಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಮರುಮೌಲ್ಯಮಾಪನದ ಲಾಭ ಸಿ ಬರುವ ಮುಂಚೆ ಬೆಳೆದದ್ದು. ಹಾಗಾಗಿ ಅದು ಹಳಬರಿಗೆ ಅವರು ಅಂದಿನವರೆಗೆ ಹಂಚಿಕೊಳ್ಳುತ್ತಿದ್ದ ಅನುಪಾತದಲ್ಲಿಯೇ ಸೇರಬೇಕು. ಅಢಾವೆ ಪತ್ರಿಕೆಯಲ್ಲಿ ಉಳಿದಿರುವ ಸಾಮಾನ್ಯ ಮೀಸಲು ನಿಧಿಗೂ ಇದೇ ನ್ಯಾಯ. ಗುಡ್‌ವಿಲ್ ಪ್ರೀಮಿಯಂ ಹಾಗಲ್ಲ, ಅದು ಬಿಟ್ಟುಕೊಟ್ಟ ಪಾಲಿಗೆ ಸಿಗುವ ಬೆಲೆ; ಯಾರು ಎಷ್ಟು ಬಿಟ್ಟರೋ ಅಷ್ಟಕ್ಕೆ ತಕ್ಕಂತೆ ಹೋಗಬೇಕು. ಸಿ ಸೇರಿದ ಮೇಲಿನ ಲಾಭಕ್ಕೆ ಹೊಸ ಅನುಪಾತ. ಈ ನಾಲ್ಕು ವಾಕ್ಯಗಳಿಗೆ ಒಂದು ಪೂರ್ಣ ಪುಟ ಕೊಟ್ಟು, 'ಯಾವ ಹಣಕ್ಕೆ ಯಾವ ಅನುಪಾತ' ಎಂದು ತಲೆಬರಹ ಹಾಕಿ, ಟಿಪ್ಪಣಿಯ ಮೊದಲ ಪುಟವಾಗಿ ಇಡಿ. ಒಂಬತ್ತು ತರಗತಿಗಳಲ್ಲಿ ಇದು ಎಲ್ಲಿಯೂ ಒಂದೇ ಕಡೆ ಬಂದಿರಲಿಲ್ಲ. ಐದು ಬೇರೆ ಬೇರೆ ದಿನಗಳಲ್ಲಿ ಚೂರು ಚೂರಾಗಿ ಹರಡಿತ್ತು. ದಿನವೂ ತರಗತಿಯಲ್ಲಿದ್ದವರಿಗೆ ಅದು ತಾನಾಗಿ ಕೂಡಿಕೊಳ್ಳುತ್ತದೆ, ತಪ್ಪಿಸಿಕೊಂಡವರು ಕೂಡಿಸಿಯೇ ಬರೆಯಬೇಕು.

ಹಳೆಯ ಗೈಡುಗಳ ಬಗ್ಗೆ ಎಚ್ಚರಿಕೆ

ರೆಕಾರ್ಡಿಂಗ್‌ನಲ್ಲಿ ಅಸ್ಪಷ್ಟವಾದದ್ದನ್ನು ಅಕ್ಕನ ಕಾಲದ ಗೈಡಿನಿಂದಲೋ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್‌ನಿಂದಲೋ ತುಂಬಿಸುವುದು ಸುಲಭ ಎನಿಸುತ್ತದೆ. ಈ ಅಧ್ಯಾಯದಲ್ಲಿ ಅದು ಅಪಾಯ. ಹಳೆಯ ಪುಸ್ತಕಗಳಲ್ಲಿ ಗುಡ್‌ವಿಲ್ ಖಾತೆಯನ್ನು ಪೂರ್ಣ ಮೌಲ್ಯಕ್ಕೆ ಲೆಕ್ಕಪತ್ರದಲ್ಲಿ ಎಬ್ಬಿಸುವ ಪದ್ಧತಿ ಇರುತ್ತದೆ. ಹಣ ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಮಾತ್ರ ಆಸ್ತಿಯಾಗಿ ತೋರಿಸಬೇಕು ಎಂಬುದು ಲೆಕ್ಕಪತ್ರ ಮಾನಕ 26ರ ನಿಲುವು. ಈಗಿನ ಪಠ್ಯಪುಸ್ತಕ ಅದನ್ನೇ ಅನುಸರಿಸಿ, ಪಾಲುದಾರರ ಬಂಡವಾಳ ಖಾತೆಗಳ ಮೂಲಕವೇ ಹೊಂದಾಣಿಕೆ ಮಾಡಿಸುತ್ತದೆ. ಒಂದೇ ಟಿಪ್ಪಣಿಯಲ್ಲಿ ಎರಡೂ ಪದ್ಧತಿ ಬೆರೆತರೆ ಓದುವವರು ಯಾವುದನ್ನು ನಂಬಬೇಕು? ಮೂಕವಾಗಿದ್ದ ನಾಲ್ಕನೆಯ ತರಗತಿಗೆ ನಾವು ಗೆಳತಿಯ ನೋಟ್‌ಬುಕ್ ಮತ್ತು ಪಠ್ಯಪುಸ್ತಕ ಎರಡನ್ನೇ ಬಳಸಿದೆವು.

ಗೆಳತಿಯ ನೋಟ್‌ಬುಕ್ಕನ್ನು ಸಹ ನೇರವಾಗಿ ನಕಲು ಮಾಡಬೇಡಿ. ತರಗತಿಯಲ್ಲಿ ಕುಳಿತವಳು ತನಗೆ ಅರ್ಥವಾದದ್ದನ್ನು ಬರೆಯದೆ ಬಿಟ್ಟಿರುತ್ತಾಳೆ. ಆ ಖಾಲಿ ಜಾಗವೇ ನಿಮಗೆ ಬೇಕಾದದ್ದು. ನೋಟ್‌ಬುಕ್ಕಿನಲ್ಲಿ ಜರ್ನಲ್ ನಮೂದುಗಳು ಮಾತ್ರ ಇದ್ದವು. ಗುಡ್‌ವಿಲ್ ಪ್ರೀಮಿಯಂ ಖಾತೆಗೆ 20,000 ಖರ್ಚು ಬರೆದು, ಎಯ ಬಂಡವಾಳಕ್ಕೆ 15,000, ಬಿಯ ಬಂಡವಾಳಕ್ಕೆ 5,000 ಜಮಾ ಮಾಡಿದ್ದಳು. ಆ 15,000 ಎಲ್ಲಿಂದ ಬಂತು ಎಂಬುದು ಅವಳ ತಲೆಯಲ್ಲಿತ್ತು, ಪುಟದಲ್ಲಿರಲಿಲ್ಲ.

ನಾಲ್ಕನೆಯ ಹಂತ: ಟಿಪ್ಪಣಿಯ ಪರೀಕ್ಷೆ

ಟಿಪ್ಪಣಿ ಸರಿಯಿದೆಯೇ ಎಂದು ಓದಿ ನೋಡಿ ಹೇಳಲಾಗದು. ರೆಕಾರ್ಡಿಂಗ್‌ನಲ್ಲಿ ಬಾರದ ಒಂದು ಲೆಕ್ಕವನ್ನು ಟಿಪ್ಪಣಿ ಮಾತ್ರ ನೋಡಿಕೊಂಡು ಬಿಡಿಸಬೇಕು. ನಾನು ಕೊಟ್ಟದ್ದು ಇದು: ಎ ಮತ್ತು ಬಿಯ ಅನುಪಾತ 3:2, ಸಿ ಸೇರಿದ ಮೇಲೆ ಮೂವರ ಅನುಪಾತ 2:2:1, ಸಿ ತಂದ ಪ್ರೀಮಿಯಂ 20,000. ಎಯ ಪಾಲು 3/5ರಿಂದ 2/5ಕ್ಕೆ ಇಳಿಯಿತು, ತ್ಯಾಗ 1/5. ಬಿಯ ಪಾಲು ಮುಂಚೆಯೂ 2/5, ಈಗಲೂ 2/5. ಅವನು ಏನೂ ಬಿಟ್ಟಿಲ್ಲ. ಇಪ್ಪತ್ತು ಸಾವಿರವೂ ಎಗೇ ಸಲ್ಲಬೇಕು. 62 ಪುಟಗಳ ಟಿಪ್ಪಣಿ ಹಿಡಿದು ಬಿಡಿಸಿದರೆ ಇಲ್ಲಿಯೂ 12,000 ಮತ್ತು 8,000 ಬರುತ್ತದೆ. ಹೊಸ ಟಿಪ್ಪಣಿ 14 ಪುಟಗಳದ್ದು. ಅದನ್ನು ನೋಡಿ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ಬಿಯ ಎದುರು ಸೊನ್ನೆ ಬರೆದು, "ಸೊನ್ನೆ ಬರಬಹುದಾ ಅತ್ತೆ?" ಎಂದು ಕೇಳಿದಳು. ಬರಬಹುದು ಎಂದು ಆ ಮಾತನ್ನೂ ಟಿಪ್ಪಣಿಗೆ ಸೇರಿಸಿದೆವು.

ಇಷ್ಟಾದರೂ ಬಗೆಹರಿಯದ ಸಂಶಯಗಳನ್ನು ಮೇಷ್ಟರ ಬಳಿ ಒಯ್ಯುವಾಗ 'ಪಾಠ ಅರ್ಥವಾಗಲಿಲ್ಲ' ಎನ್ನದೆ, ತರಗತಿಯ ಸಂಖ್ಯೆ, ನಿಮಿಷ ಮತ್ತು ತಾನು ಸಿಕ್ಕಿಕೊಂಡ ಸಾಲನ್ನು ಚೀಟಿಯಲ್ಲಿ ಬರೆದು ಒಯ್ಯಬೇಕು. ನಮ್ಮ ಚೀಟಿಯಲ್ಲಿ ಮೂರು ಸಾಲು ಇದ್ದವು. ಉತ್ತರಕ್ಕೆ ಹತ್ತು ನಿಮಿಷ ಸಾಕಾಯಿತು.

'ಯಾವ ಹಣಕ್ಕೆ ಯಾವ ಅನುಪಾತ' ಎಂಬ ಮೊದಲ ಪುಟದ ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಮುಂದಿನ ಅಧ್ಯಾಯ ಪಾಲುದಾರನ ನಿವೃತ್ತಿ. ಅಲ್ಲಿ ಉಳಿದವರ ಪಾಲು ಹೆಚ್ಚುತ್ತದೆ, ಹೊಸ ಪಾಲಿನಲ್ಲಿ ಹಳೆಯದನ್ನು ಕಳೆದು ಗಳಿಕೆಯ ಅನುಪಾತ ತೆಗೆಯುತ್ತಾರೆ. ಅದನ್ನು ಈ ಪುಟದ ಕೆಳಗೇ, ತ್ಯಾಗದ ಅನುಪಾತಕ್ಕೆ ಎದುರಾಗಿ ಬರೆದುಕೊಂಡರೆ ಯಾವುದರಲ್ಲಿ ಯಾವುದನ್ನು ಕಳೆಯಬೇಕು ಎಂಬ ಗೊಂದಲ ಬರುವುದಿಲ್ಲ.